ಪುಸ್ತಕದಿಂದ ಆರಿಸಿದ ಲಾಟೆಲ್ಲ ಗೋದಾಮಿನಲ್ಲಿ ಸಿಕ್ಕವು. ಆದರೂ ಸೀನಿಯರ್ 'ಕಂಪ್ಲೀಟ್‌ನೆಸ್' ಅಂತ ಬರೆದಿದ್ದನ್ನು ಹೊಡೆದು ಹಾಕಿದರು. ಯಾಕೆ?

ಆರ್ಟಿಕಲ್ ಹೊಸಬ

ಎಲ್ಲರಿಗೂ ನಮಸ್ಕಾರ. ಸಿಎ ಆಫೀಸಿನಲ್ಲಿ ತರಬೇತಿಗೆ, ಅಂದರೆ ಆರ್ಟಿಕಲ್‌ಶಿಪ್‌ಗೆ ಸೇರಿ ಎರಡು ತಿಂಗಳಾಯಿತು. ಮಾರ್ಚ್ 31ರಂದು ಮಲೆನಾಡಿನ ಒಂದು ಅಡಿಕೆ ಮಂಡಿಗೆ ಸ್ಟಾಕ್ ಎಣಿಕೆ ನೋಡಲು ನನ್ನನ್ನೂ ಸೀನಿಯರನ್ನೂ ಕಳಿಸಿದ್ದರು. ಪ್ರೈವೇಟ್ ಲಿಮಿಟೆಡ್ ಕಂಪನಿ. ಸ್ವಂತ ಖರೀದಿಯೂ ಇದೆ, ದಲಾಲಿಯೂ ಇದೆ.

ಸ್ಟಾಕ್ ಪುಸ್ತಕದಲ್ಲಿ 52 ಲಾಟ್, ಒಟ್ಟು 640 ಚೀಲ ಇತ್ತು. ಅದರಲ್ಲಿ ಬೆಲೆ ಜಾಸ್ತಿ ಇರುವ 40 ಲಾಟ್ ಆರಿಸಿಕೊಂಡೆ. ಪಟ್ಟಿ ಹಿಡಿದು ಗೋದಾಮಿನಲ್ಲಿ ಒಂದೊಂದನ್ನೇ ಹುಡುಕಿದೆ. ನಲವತ್ತೂ ಸಿಕ್ಕವು, ಚೀಲದ ಲೆಕ್ಕವೂ ಸರಿ ಬಂತು. ವರ್ಕಿಂಗ್ ಪೇಪರ್‌ನಲ್ಲಿ 'ಎಕ್ಸಿಸ್ಟೆನ್ಸ್ ಮತ್ತು ಕಂಪ್ಲೀಟ್‌ನೆಸ್ ಪರೀಕ್ಷಿಸಲಾಗಿದೆ' ಅಂತ ಬರೆದೆ. ಸೀನಿಯರ್ ಎರಡನೆಯ ಪದಕ್ಕೆ ಗೆರೆ ಎಳೆದು 'ಯೋಚನೆ ಮಾಡು' ಅಂದರು. ಮೂರು ದಿನದಿಂದ ಯೋಚನೆ ಮಾಡ್ತಿದ್ದೇನೆ. 52ರಲ್ಲಿ 40 ನೋಡಿದ್ದು ಸಾಲದು, ಉಳಿದ 12 ಕೂಡ ನೋಡಬೇಕಿತ್ತು ಅಂತ ಅರ್ಥವಾ?

ಡೆಬಿಟ್ ಕ್ರೆಡಿಟ್

ಹೌದು, ಅದೇ ಕಾರಣ. ಕಂಪ್ಲೀಟ್‌ನೆಸ್ ಅಂದರೆ ಪೂರ್ತಿ. 52ಕ್ಕೆ 52 ನೋಡಿದ್ದರೆ ಬರೆಯಬಹುದಿತ್ತು. ನಾನು ಸಿಎ ಫೈನಲ್ ಓದ್ತಿದ್ದೇನೆ, ಆಡಿಟ್ ಮಾನದಂಡ ಎಸ್ಎ 315ರಲ್ಲಿ ಅಸರ್ಷನ್‌ಗಳ, ಅಂದರೆ ಲೆಕ್ಕದ ಅಂಕಿಗಳ ಹಿಂದೆ ಕಂಪನಿ ಹೇಳಿಕೊಳ್ಳುವ ಮಾತುಗಳ ಪಟ್ಟಿ ಇದೆ, ಒಮ್ಮೆ ನೋಡಿ.

ತುಂಗಾತೀರ

ಅಲ್ಲ. 52ಕ್ಕೆ 52 ನೋಡಿದ್ದರೂ ಸೀನಿಯರ್ ಅದನ್ನು ಹೊಡೆದು ಹಾಕುತ್ತಿದ್ದರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಹೊಸಬರೇ, ನೀವು ಹೊರಟಿದ್ದು ಎಲ್ಲಿಂದ? ಪುಸ್ತಕದಿಂದ. ಹೋಗಿದ್ದು ಎಲ್ಲಿಗೆ? ಗೋದಾಮಿಗೆ. ಪುಸ್ತಕದಲ್ಲಿ ಬರೆದಿದ್ದು ನಿಜವಾಗಿ ಇದೆಯಾ ಅನ್ನೋ ಪ್ರಶ್ನೆಗೆ ಇದರಿಂದ ಉತ್ತರ ಸಿಗುತ್ತದೆ. ಅದು ಎಕ್ಸಿಸ್ಟೆನ್ಸ್. ಗೋದಾಮಿನ ಮೂಲೆಯಲ್ಲಿ 53ನೆಯ ಲಾಟ್ ಒಂದಿತ್ತು, ಪುಸ್ತಕಕ್ಕೆ ಅದನ್ನು ಬರೆದೇ ಇರಲಿಲ್ಲ ಅಂತ ಇಟ್ಟುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಅದು ಬರುವ ದಾರಿಯೇ ಇಲ್ಲ. ಪಟ್ಟಿ ತಯಾರಾಗಿದ್ದೇ ಪುಸ್ತಕದಿಂದ ಅಲ್ವಾ? ಬರೆಯದೇ ಬಿಟ್ಟಿದ್ದನ್ನು ಬರೆದಿರುವುದರೊಳಗೆ ಹುಡುಕಿದರೆ ಸಿಗುವುದಿಲ್ಲ.

ಅದಕ್ಕೆ ಉಲ್ಟಾ ದಾರಿಯಲ್ಲಿ ಬರಬೇಕು. ಪುಸ್ತಕ ಕೆಳಗಿಟ್ಟು ಗೋದಾಮಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಕಣ್ಣಿಗೆ ಬಿದ್ದ ಕೆಲವು ಅಟ್ಟಿಗಳ ಗುರುತು, ಚೀಲದ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಪುಸ್ತಕ ತೆಗೆದು ಅವು ಅದರಲ್ಲಿವೆಯಾ ನೋಡಿ. ಸ್ಟಾಕ್‌ನ ಮಟ್ಟಿಗೆ ಕಂಪ್ಲೀಟ್‌ನೆಸ್‌ಗೆ ಸಾಕ್ಷಿ ಅಂದರೆ ಅದು.

ನಿಮ್ಮ ಸೀನಿಯರ್ ಆ ದಿನ ಗೋದಾಮಿನಲ್ಲಿ ಏನು ಮಾಡ್ತಿದ್ದರು, ನೆನಪಿದೆಯಾ?

ಆರ್ಟಿಕಲ್ ಹೊಸಬ

ಮೇಡಂ, ಈಗ ಹೊಳೀತು. ಅವರು ಪಟ್ಟಿ ಹಿಡಿದಿರಲಿಲ್ಲ. ಸಣ್ಣ ಡೈರಿ ಇಟ್ಟುಕೊಂಡು ಸುತ್ತಾಡ್ತಿದ್ದರು, ಆಗಾಗ ಏನೋ ಬರೆದುಕೊಳ್ತಿದ್ದರು. ನಾನು ಮಂಡಿಯವರ ಜೊತೆ ಮಾತಾಡ್ತಿದ್ದಾರೆ ಅಂದುಕೊಂಡಿದ್ದೆ. ನಾಳೆ ಆ ಡೈರಿ ಕೇಳಿ ನೋಡ್ತೇನೆ.

ಗೋದಾಮು ಗುಮಾಸ್ತ

ನಾನು ಆಡಿಟ್ ಓದಿದವನಲ್ಲ. 15 ವರ್ಷ ಮಂಡಿಯಲ್ಲಿ ಬರವಣಿಗೆ ಮಾಡಿದ್ದೇನೆ, ಆಡಿಟ್‌ಗೆ ಬರುವ ಹುಡುಗರನ್ನು ಪ್ರತಿ ವರ್ಷ ನೋಡಿದ್ದೇನೆ. ಒಂದು ಮಾತು ಹೇಳ್ತೇನೆ ತಮ್ಮ. ನೀನು ಯಾವ 40 ಲಾಟ್ ನೋಡ್ತೀಯ ಅಂತ ಮಂಡಿಯವರಿಗೆ ಹಿಂದಿನ ದಿನವೇ ಗೊತ್ತಿತ್ತಾ? ಗೊತ್ತಿದ್ದರೆ ಆ ನಲವತ್ತು ಸಿಕ್ಕೇ ಸಿಗುತ್ತವೆ. ಎರಡು ಗೋದಾಮು ಇದ್ದರೆ, ಬೆಳಿಗ್ಗೆ ಒಂದರಲ್ಲಿ ಎಣಿಸಿದ ಚೀಲ ಮಧ್ಯಾಹ್ನ ಇನ್ನೊಂದರಲ್ಲಿ ಇರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಮಾಲರಿಗೆ ಅದು ಒಂದು ಗಂಟೆ ಕೆಲಸ.

ಇನ್ನೊಂದು ವಿಷಯ. ಅಟ್ಟಿಯ ಹೊರಗಿನ ಸಾಲು ಎಣಿಸಿ ಉದ್ದ, ಅಗಲ, ಎತ್ತರ ಗುಣಿಸಿದರೆ ಒಳಗೆ ಟೊಳ್ಳಿದ್ದರೂ ಗೊತ್ತಾಗುವುದಿಲ್ಲ. ಮೇಲೆ ಹತ್ತಿ ನೋಡಬೇಕು.

ತುಂಗಾತೀರ

ಗುಮಾಸ್ತರು ಹೇಳಿದ್ದು ಪುಸ್ತಕದಲ್ಲಿ ಓದಿ ಕಲಿಯುವ ವಿಷಯವಲ್ಲ. ಇದ್ದದ್ದು ಇದೆಯಾ ಅಂತ ನೋಡುವಾಗ ನಮ್ಮ ಭಯ ಒಂದೇ, ಇಲ್ಲದ್ದನ್ನು ಇದೆ ಅಂತ ತೋರಿಸಿಬಿಡಬಹುದು. ಆದ್ದರಿಂದ ಪಟ್ಟಿಯನ್ನು ಅಲ್ಲೇ, ಆ ಕ್ಷಣದಲ್ಲೇ ಆರಿಸಬೇಕು. ಎರಡು ಗೋದಾಮು ಇದ್ದರೆ ಇಬ್ಬರು ಒಂದೇ ಹೊತ್ತಿಗೆ ನಿಂತಿರಬೇಕು. ಎಣಿಕೆ ಮುಗಿಯುವವರೆಗೆ ಚೀಲ ಅಲುಗಾಡಬಾರದು. ಅಲುಗಾಡಲೇಬೇಕು ಅಂತಾದರೆ ಯಾವ ಲಾರಿ, ಎಷ್ಟು ಚೀಲ, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ಳಬೇಕು. ಸ್ಟಾಕ್ ದೊಡ್ಡ ಮೊತ್ತದ್ದಾಗಿದ್ದರೆ ಎಣಿಕೆಯ ಹೊತ್ತಿಗೆ ಆಡಿಟರ್ ಅಲ್ಲಿರಬೇಕು ಅಂತ ಎಸ್ಎ 501 ಹೇಳುವುದು ಈ ಕಾರಣಕ್ಕೆ.

ತೋಟದ ಮನೆ

ನನ್ನದೊಂದು ಪ್ರಶ್ನೆ. ನಾವು ಬೆಳೆಗಾರರು. ದರ ಏರಲಿ ಅಂತ ರಾಶಿ ಅಡಿಕೆಯನ್ನು ಮಂಡಿಯಲ್ಲೇ ಇಟ್ಟಿದ್ದೇನೆ, ಮಾರಿಲ್ಲ. ಮಗಳ ಮದುವೆಗೆ ಅದರ ಮೇಲೆ ಮುಂಗಡ ತಗೊಂಡಿದ್ದೇನೆ. ನಿಮ್ಮಂಥ ಆಡಿಟರ್ ಬಂದು ನನ್ನ ಚೀಲವನ್ನೂ ಎಣಿಸಿಕೊಂಡು ಹೋದರೆ ಅದು ಮಂಡಿಯದ್ದೇ ಆಗಿಬಿಡುತ್ತಾ? ನನಗೆ ಆಮೇಲೆ ತೊಂದರೆ ಏನಾದರೂ ಇದೆಯಾ?

ಡೆಬಿಟ್ ಕ್ರೆಡಿಟ್

ಅಣ್ಣಾ, ಇಲ್ಲಿ ಆಡಿಟ್ ಎವಿಡೆನ್ಸ್ ಬಗ್ಗೆ ಮಾತು ನಡೀತಿದೆ. ಇದು ಬೇರೆ ವಿಷಯ.

ತುಂಗಾತೀರ

ಬೇರೆ ಅಲ್ಲ, ಇದೇ ವಿಷಯ. ಅವರು ಕೇಳಿದ್ದು ಒಳ್ಳೆಯದೇ ಆಯಿತು.

ಅಣ್ಣಾ, ಆಡಿಟರ್ ಎಣಿಸಿದ ಮಾತ್ರಕ್ಕೆ ನಿಮ್ಮ ಅಡಿಕೆ ಮಂಡಿಯದ್ದಾಗುವುದಿಲ್ಲ. ಇಟ್ಟಾಗ ಕೊಟ್ಟ ರಸೀದಿಯನ್ನು, ತೂಕದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂಗಡ ನಿಮ್ಮ ಲೆಕ್ಕದಲ್ಲಿ ಬಾಕಿಯಾಗಿ ಇರುತ್ತದೆ, ಅದರಿಂದ ಸರಕು ಮಾರಿದಂತೆ ಆಗುವುದಿಲ್ಲ. ರಸೀದಿಯ ಹಿಂದೆ ಷರತ್ತು ಏನಾದರೂ ಇದ್ದರೆ ಓದಿ ನೋಡಿ.

ಹೊಸಬರೇ, ಇವರ ಚೀಲ ನಿಮ್ಮ ಗೋದಾಮಿನಲ್ಲಿದೆ ಅಂತ ಅಂದುಕೊಳ್ಳಿ. ನೀವು ಎಣಿಸುತ್ತೀರಿ. ಚೀಲ ಇದೆ, ಅದರಲ್ಲಿ ಅಡಿಕೆಯೂ ಇದೆ. ಆದರೆ ಅದು ನಿಮ್ಮ ಕ್ಲೈಂಟಿನದಲ್ಲ. ಎಣಿಕೆಯಿಂದ 'ಇದೆ' ಅಂತ ಗೊತ್ತಾಗುತ್ತದೆ, 'ನಮ್ಮದು' ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು. ಖರೀದಿ ಪಟ್ಟಿ ಯಾರ ಹೆಸರಿಗಿದೆ, ರೈತರ ಸರಕಿನ ಪುಸ್ತಕದಲ್ಲಿ ಆ ಗುರುತು ಇದೆಯಾ, ದುಡ್ಡು ಸಂದಾಯವಾಗಿದ್ದು ಖರೀದಿಗಾ ಮುಂಗಡಕ್ಕಾ ಅಂತ ನೋಡಬೇಕು. ಬೇಕಾದರೆ ಕೆಲವು ರೈತರಿಂದ ನೇರವಾಗಿ ಪತ್ರ ತರಿಸಬೇಕು. ದಲಾಲಿ ಮಂಡಿಯ ಆಡಿಟ್‌ನಲ್ಲಿ ಎಣಿಕೆಗಿಂತ ಜಾಸ್ತಿ ತಪ್ಪು ಆಗುವುದು ಇಲ್ಲೇ.

ಏಳನೇ ಮಹಡಿ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘಕ್ಕೆ ಹೊಸದಾಗಿ ಖಜಾಂಚಿ ಆಗಿದ್ದೇನೆ. ಮೇಲಿನದನ್ನು ಓದಿದ ಮೇಲೆ ಹಳೆಯ ಕಡತ ತೆಗೆದು ನೋಡಿದೆ. 96 ಫ್ಲಾಟ್, ತಿಂಗಳಿಗೆ 3,500 ರೂಪಾಯಿ ನಿರ್ವಹಣಾ ಶುಲ್ಕ. ವರ್ಷಕ್ಕೆ 40,32,000 ಬರಬೇಕು. ಲೆಕ್ಕದಲ್ಲಿ ಆದಾಯ ಅಂತ ತೋರಿಸಿದ್ದು 37,80,000. ಕಳೆದ ವರ್ಷ ಆಡಿಟ್ ಮಾಡಿದವರನ್ನು ಕೇಳಿದರೆ 'ಎಲ್ಲ ರಸೀದಿಯನ್ನೂ ಬ್ಯಾಂಕ್ ಜೊತೆ ತಾಳೆ ನೋಡಿದ್ದೇವೆ, ಒಂದೂ ತಪ್ಪಿಲ್ಲ' ಅಂದರು. ಅವರು ಸುಳ್ಳು ಹೇಳ್ತಿದ್ದಾರಾ?

ಬಿಕಾಂ ಕೊನೆ ವರ್ಷ

ನಾನು ಉತ್ತರಿಸಲು ಪ್ರಯತ್ನ ಮಾಡಲಾ? ತಪ್ಪಿದ್ದರೆ ತಿದ್ದಿ. ಅವರು ಸುಳ್ಳು ಹೇಳ್ತಿಲ್ಲ. ರಸೀದಿಯಿಂದ ಬ್ಯಾಂಕಿಗೆ ಹೋಗಿದ್ದಾರೆ. ಬರೆದ ರಸೀದಿಯೆಲ್ಲ ನಿಜ. ಆದರೆ ರಸೀದಿಯೇ ಬರೆಯದ ಫ್ಲಾಟ್ ಅವರ ಕಣ್ಣಿಗೆ ಬೀಳುವುದಿಲ್ಲ. ಶುರು ಮಾಡಬೇಕಿದ್ದು ಫ್ಲಾಟುಗಳ ಪಟ್ಟಿಯಿಂದ. ವ್ಯತ್ಯಾಸ 2,52,000. ಒಂದು ಫ್ಲಾಟಿಗೆ ವರ್ಷಕ್ಕೆ 42,000. ಅಂದರೆ ಸರಿಯಾಗಿ ಆರು ಫ್ಲಾಟ್!

ಏಳನೇ ಮಹಡಿ

ಹೌದು, ಆರು! ಬಿಲ್ಡರ್ ಹೆಸರಿನಲ್ಲಿ ಇನ್ನೂ ಮಾರಾಟ ಆಗದ ಆರು ಫ್ಲಾಟ್ ಇವೆ. ಅವಕ್ಕೆ ಬಿಲ್ಲನ್ನೇ ಮಾಡಿಲ್ಲ. ಅವರು ಕೊಡಬೇಕಾ ಬೇಡವಾ ಅನ್ನುವುದು ಸಂಘದಲ್ಲಿ ಹಳೆಯ ಜಗಳ. ನಮ್ಮ ಒಪ್ಪಂದದ ಪತ್ರದಲ್ಲಿ ಸ್ಪಷ್ಟ ಇಲ್ಲ.

ತುಂಗಾತೀರ

ಬಿಕಾಂ ಅವರು ಸರಿಯಾಗಿ ಹಿಡಿದಿದ್ದಾರೆ. ಒಂದು ಮಾತು ಸೇರಿಸುತ್ತೇನೆ. ಕಂಪ್ಲೀಟ್‌ನೆಸ್ ನೋಡುವಾಗ ಲೆಕ್ಕ ಬರೆಯುವವರ ಕೈ ಸೋಕದ ಒಂದು ಮೂಲದಿಂದ ಹೊರಡಬೇಕು. ಅಪಾರ್ಟ್‌ಮೆಂಟಿಗೆ ಫ್ಲಾಟುಗಳ ಪಟ್ಟಿ. ಶಾಲೆಗೆ ಹಾಜರಿ ಪುಸ್ತಕ. ಮಂಡಿಗೆ ತೂಕದ ಚೀಟಿ. ಆ ಆರು ಫ್ಲಾಟಿನ ದುಡ್ಡು ಬರಬೇಕಾ ಅನ್ನುವುದು ಆಮೇಲಿನ ಪ್ರಶ್ನೆ. ಒಪ್ಪಂದ ಓದದೆ ನಾನು ಅದರ ಬಗ್ಗೆ ಮಾತಾಡುವುದಿಲ್ಲ. ಆದರೆ ಆ ಪ್ರಶ್ನೆ ಆಡಿಟ್‌ನಲ್ಲಿ ಏಳಲೇಬೇಕಿತ್ತು.

ಆರ್ಟಿಕಲ್ ಹೊಸಬ

ಡೈರಿ ಸಿಕ್ಕಿತು! ಸೀನಿಯರ್ ಅವತ್ತು 15 ಅಟ್ಟಿಗಳ ಗುರುತು ಬರೆದುಕೊಂಡಿದ್ದರು. 'ಪುಸ್ತಕದಲ್ಲಿ ಹುಡುಕು' ಅಂತ ಕೊಟ್ಟರು. 13 ಸಿಕ್ಕವು. ಎರಡು ಇಲ್ಲವೇ ಇಲ್ಲ. ಒಂದು 38 ಚೀಲದ್ದು, ಇನ್ನೊಂದು 24 ಚೀಲದ್ದು.

ಆಮೇಲೆ ಮಂಡಿಯವರ ಎಣಿಕೆ ಹಾಳೆ ತೆಗೆದು ನೋಡಿದೆ. ಅದರಲ್ಲಿ ಒಟ್ಟು 702 ಚೀಲ ಇದೆ. ಪುಸ್ತಕದಲ್ಲಿ 640. ವ್ಯತ್ಯಾಸ 62, ಅಂದರೆ ಈ ಎರಡು ಅಟ್ಟಿಗಳೇ. ಕಂಪನಿಯವರು ವರ್ಷಾಂತ್ಯದ ಸ್ಟಾಕ್ ತೋರಿಸಿರುವುದು ಈ 702 ಚೀಲದ ಆಧಾರದ ಮೇಲೆ.

24 ಚೀಲದ ಗುರುತು ರೈತರ ಸರಕಿನ ಪುಸ್ತಕದಲ್ಲಿ ಸಿಕ್ಕಿತು. ತೋಟದ ಮನೆ ಅಣ್ಣನ ಹಾಗೆಯೇ, ಇಟ್ಟು ಹೋದ ಸರಕು. 38 ಚೀಲದ್ದು ಗೊತ್ತಾಗ್ತಿಲ್ಲ.

ಗೋದಾಮು ಗುಮಾಸ್ತ

ತೂಕದ ಚೀಟಿ ಪುಸ್ತಕ ಕೇಳು ತಮ್ಮ. ಸರಕು ಒಳಗೆ ಬಂದ ದಿನ ಚೀಟಿ ಹರಿದೇ ಹರಿಯುತ್ತಾರೆ, ಹಮಾಲಿ ಲೆಕ್ಕಕ್ಕೆ ಅದು ಬೇಕು. ಖರೀದಿ ಪಟ್ಟಿ ಮಾಡುವುದು ಮಾತ್ರ ಎಷ್ಟೋ ಸಲ ನಾಲ್ಕು ದಿನ ತಡ. ಮಾರ್ಚ್ ಕೊನೆಯಲ್ಲಂತೂ ಕೈ ಬಿಡುವು ಇರುವುದಿಲ್ಲ.

ಆರ್ಟಿಕಲ್ ಹೊಸಬ

ಗುಮಾಸ್ತರೇ, ನೀವು ಹೇಳಿದ ಹಾಗೇ ಆಯ್ತು. ಮಾರ್ಚ್ 29ರ ತೂಕದ ಚೀಟಿ ಇದೆ, 38 ಚೀಲ, 2,470 ಕೆಜಿ. ಖರೀದಿ ಪಟ್ಟಿ ಏಪ್ರಿಲ್ 3ರದ್ದು, ಕ್ವಿಂಟಾಲಿಗೆ 46,000 ದರ. ಅಂದರೆ 24.70 ಕ್ವಿಂಟಾಲ್‌ಗೆ 11,36,200 ರೂಪಾಯಿ. ಖರೀದಿ ಹೊಸ ವರ್ಷದ ಲೆಕ್ಕಕ್ಕೆ ಹೋಗಿದೆ.

ಡೆಬಿಟ್ ಕ್ರೆಡಿಟ್

ಖರೀದಿ ಬಿಟ್ಟು ಹೋದರೆ ಖರ್ಚು ಕಮ್ಮಿ, ಲಾಭ ಜಾಸ್ತಿ. ಯಾವಾಗಲೂ ಹಾಗೇ. 11,36,200 ಲಾಭ ಜಾಸ್ತಿ ತೋರಿಸಿದ್ದಾರೆ.

ತುಂಗಾತೀರ

'ಯಾವಾಗಲೂ' ಅನ್ನುವುದನ್ನು ಬಿಟ್ಟರೆ ಸರಿ. ಈ ಕೇಸಿನಲ್ಲಿ ಲಾಭ ಜಾಸ್ತಿಯಾಗಿದೆ, ಯಾಕೆಂದರೆ ಆ 38 ಚೀಲವನ್ನು ವರ್ಷಾಂತ್ಯದ ಸ್ಟಾಕ್‌ಗೆ ಸೇರಿಸಿದ್ದಾರೆ, ಖರೀದಿಗೆ ಸೇರಿಸಿಲ್ಲ. ಒಂದು ಕಡೆ ಮಾತ್ರ ಬಂದಿದೆ. ಕಂಪನಿ 640 ಚೀಲದ ಪುಸ್ತಕದ ಮೇಲೆಯೇ ಸ್ಟಾಕ್ ತೋರಿಸಿದ್ದರೆ ಖರೀದಿಯೂ ಇಲ್ಲ, ಸ್ಟಾಕೂ ಇಲ್ಲ. ಆಗ ಲಾಭ ಬದಲಾಗುತ್ತಿರಲಿಲ್ಲ. ಆದರೆ ಆಗಲೂ ಸ್ಟಾಕ್ 11,36,200 ಕಮ್ಮಿ, ಕೊಡಬೇಕಾದ ಬಾಕಿಯೂ ಅಷ್ಟೇ ಕಮ್ಮಿ. ಸಾಲ ಕಮ್ಮಿ ಕಂಡರೆ ಬ್ಯಾಂಕಿನವರಿಗೆ ಕಂಪನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ರೈತರ 24 ಚೀಲದ್ದೂ ಲೆಕ್ಕ ಹಾಕಿ. ಅದೇ 65 ಕೆಜಿ ಚೀಲವಾದರೆ 15.60 ಕ್ವಿಂಟಾಲ್. ಅದನ್ನೂ 46,000 ದರಕ್ಕೆ ಹಿಡಿದಿದ್ದರೆ 7,17,600. ಲಾಭದ ಮೇಲೆ ಎರಡರ ಪರಿಣಾಮವೂ ಒಂದೇ ಥರ, ಆದರೆ ಸರಿಪಡಿಸುವ ರೀತಿ ಬೇರೆ. 38 ಚೀಲಕ್ಕೆ ಖರೀದಿಯನ್ನೂ ಬಾಕಿಯನ್ನೂ ಮಾರ್ಚ್‌ಗೆ ತರಬೇಕು, ಸ್ಟಾಕ್ ಹಾಗೇ ಇರುತ್ತದೆ. 24 ಚೀಲವನ್ನು ಸ್ಟಾಕಿನಿಂದಲೇ ತೆಗೆಯಬೇಕು. ಯಾವ ಅಸರ್ಷನ್ ತಪ್ಪಿದೆ ಅಂತ ಗೊತ್ತಿಲ್ಲದಿದ್ದರೆ 62 ಚೀಲವನ್ನೂ ಒಂದೇ ಥರ ತಿದ್ದಿಬಿಡುತ್ತೀರಿ.

ಈಗ ಮುಂದಿನ ಕೆಲಸ. ಒಂದು ಚೀಟಿ ಹೀಗೆ ಬಿಟ್ಟು ಹೋಗಿದೆ ಅಂದರೆ ಇನ್ನೂ ಇರಬಹುದು. ಮಾರ್ಚ್ ಕೊನೆಯ ಹತ್ತು ದಿನದ ತೂಕದ ಚೀಟಿಯೆಲ್ಲ ತೆಗೆದು ಖರೀದಿ ಪಟ್ಟಿಗೆ ಜೋಡಿಸಿ. ಚೀಟಿಯ ನಂಬರ್ ಮಧ್ಯದಲ್ಲಿ ಹಾರಿದೆಯಾ ನೋಡಿ. ಮೂಲವೇ ಪೂರ್ತಿ ಇಲ್ಲದಿದ್ದರೆ ಅದರಿಂದ ಹೊರಟು ಪ್ರಯೋಜನವಿಲ್ಲ. ಆಮೇಲೆ ಏಪ್ರಿಲ್‌ನಲ್ಲಿ ಕೊಟ್ಟ ದೊಡ್ಡ ಮೊತ್ತಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಗುರುತು ಮಾಡಿ, ಅದು ಯಾವ ತಿಂಗಳ ಸರಕಿಗೆ ಕೊಟ್ಟಿದ್ದು ಅಂತ ಕೇಳಿ. ಬಾಕಿ ಕಮ್ಮಿ ತೋರಿಸಿರುವ ಅನುಮಾನವಿದ್ದರೆ ಬಾಕಿ ಪಟ್ಟಿಯನ್ನು ನೋಡುವುದಕ್ಕಿಂತ ಆಮೇಲಿನ ಪಾವತಿ, ಪಾವತಿಯಾಗದ ಬಿಲ್ಲು, ಸರಕು ಬಂದ ಚೀಟಿ ನೋಡುವುದೇ ಉಪಯೋಗ ಅಂತ ಎಸ್ಎ 500 ಕೂಡ ಹೇಳುತ್ತದೆ.

ಡೆಬಿಟ್ ಕ್ರೆಡಿಟ್

ಒಪ್ಪಿದೆ ಮೇಡಂ. ಆದರೆ ಇಷ್ಟೆಲ್ಲ ಯಾಕೆ? ಬಾಕಿ ಇರುವವರಿಗೆಲ್ಲ ಮೊತ್ತ ಸರಿಯಾ ಅಂತ ಕೇಳುವ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರ ಕಳಿಸಿದರೆ ಆಯ್ತಲ್ಲ? ಹೊರಗಿನವರಿಂದ ನೇರವಾಗಿ ಬರುವ ಸಾಕ್ಷಿ, ಅದಕ್ಕಿಂತ ಬೇರೆ ಬೇಕಾ?

ತುಂಗಾತೀರ

ಸಾಕ್ಷಿ ಗಟ್ಟಿ, ಆದರೆ ಯಾರಿಗೆ ಕಳಿಸುತ್ತೀರಿ ಅನ್ನುವುದರಲ್ಲಿ ಮತ್ತೆ ಅದೇ ತೊಂದರೆ. 'ಬಾಕಿ ಇರುವವರು' ಅನ್ನುವ ಪಟ್ಟಿ ಬರುವುದು ಪುಸ್ತಕದಿಂದ. 38 ಚೀಲ ಕೊಟ್ಟವರ ಬಾಕಿ ಮಾರ್ಚ್ 31ಕ್ಕೆ ಸೊನ್ನೆ ಇತ್ತು, ಅವರಿಗೆ ಪತ್ರ ಹೋಗುತ್ತಲೇ ಇರಲಿಲ್ಲ. ಕೊಡಬೇಕಾದದ್ದಕ್ಕೆ ಪತ್ರ ಕಳಿಸುವುದಾದರೆ ವರ್ಷದಲ್ಲಿ ಯಾರ ಹತ್ತಿರ ಜಾಸ್ತಿ ಖರೀದಿಸಿದ್ದಾರೆ ಅಂತ ನೋಡಿ ಆರಿಸಿ. ಬಾಕಿ ಸೊನ್ನೆ ಇದ್ದರೂ ಕಳಿಸಿ. ಪತ್ರದಲ್ಲಿ ಮೊತ್ತ ಬರೆಯದೆ 'ನಿಮಗೆ ಎಷ್ಟು ಬರಬೇಕು, ನೀವೇ ಬರೆಯಿರಿ' ಅನ್ನಿ.

ಬರಬೇಕಾದ ದುಡ್ಡಿಗೆ ಪತ್ರ ಕಳಿಸುವುದು ಬೇರೆ. ಅಲ್ಲಿ ನಮ್ಮ ಭಯ ಏನೆಂದರೆ, ಇಲ್ಲದ ಸಾಲಗಾರನನ್ನು ಇದ್ದಾನೆ ಅಂತ ತೋರಿಸಿಬಿಡುತ್ತಾರೆ ಅಂತ. ಹಾಗಾಗಿ ದೊಡ್ಡ ಬಾಕಿಯಿಂದಲೇ ಆರಿಸುತ್ತೇವೆ. ಕಾನ್ಪುರದ ವ್ಯಾಪಾರಿ 'ಹೌದು, 9 ಲಕ್ಷ ಕೊಡಬೇಕು' ಅಂತ ಸಹಿ ಹಾಕಿ ಕಳಿಸಿದರೆ ಬಾಕಿ ಇದೆ ಅಂತ ಗೊತ್ತಾಯಿತು. ಕೊಡುತ್ತಾನಾ ಅನ್ನುವುದು ಆ ಪತ್ರದಲ್ಲಿ ಇಲ್ಲ. ಅದಕ್ಕೆ ಏಪ್ರಿಲ್, ಮೇನಲ್ಲಿ ದುಡ್ಡು ಬಂತಾ ಅಂತ ನೋಡಬೇಕು.

ಬಿಕಾಂ ಕೊನೆ ವರ್ಷ

ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಲೆಕ್ಕ ವಂಚನೆ ಕೇಸಿನಲ್ಲಿ ಇವೆರಡೂ ಇದ್ದವು ಅಂತ ಈಗ ಅರ್ಥ ಆಗ್ತಿದೆ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ 5,361 ಕೋಟಿ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್‌ನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಇತ್ತು. ಎಲ್ಲರೂ ನೆನಪಿಟ್ಟುಕೊಂಡಿದ್ದು ಅದನ್ನೇ. ಅದೇ ಪತ್ರದಲ್ಲಿ 1,230 ಕೋಟಿ ಸಾಲವನ್ನು ಲೆಕ್ಕಕ್ಕೇ ತಂದಿಲ್ಲ ಅಂತಲೂ ಇತ್ತು. ಮೊದಲನೆಯದು ಎಕ್ಸಿಸ್ಟೆನ್ಸ್, ಎರಡನೆಯದು ಕಂಪ್ಲೀಟ್‌ನೆಸ್, ಅಲ್ವಾ?

ತುಂಗಾತೀರ

ಹೌದು. ಮೊದಲನೆಯದಕ್ಕೆ ಬ್ಯಾಂಕಿನಿಂದ ಆಡಿಟರ್ ಕೈಗೇ ನೇರವಾಗಿ ಬರುವ ಪತ್ರ ಸಾಕ್ಷಿ. ಕಂಪನಿಯ ಕೈ ದಾಟಿ ಬಂದ ಪತ್ರಕ್ಕೆ ಆ ಬೆಲೆ ಇಲ್ಲ. ಎರಡನೆಯದು ಎಷ್ಟೋ ಕಷ್ಟ. ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಪತ್ರ ಬರೆಯುವುದು ಹೇಗೆ? ಸಣ್ಣ ಕ್ಲೈಂಟ್‌ಗಳಲ್ಲೂ ನನಗೆ ಅಂಜಿಕೆ ಇರುವುದು ಇದರ ಬಗ್ಗೆಯೇ.

ಆರ್ಟಿಕಲ್ ಹೊಸಬ

ಮೂರನೆಯದು ಬಾಕಿ ಇದೆ, ವ್ಯಾಲ್ಯುಯೇಷನ್, ಅಂದರೆ ತೋರಿಸಿದ ಬೆಲೆ ಸರಿಯಾ ಅನ್ನುವುದು. ನಮ್ಮ ಆಫೀಸಿನ ಸಿಎ, ಅಂದರೆ ನನ್ನ ಪ್ರಿನ್ಸಿಪಾಲ್, ನಿನ್ನೆ ಒಂದು ಲಾಟ್ ತೋರಿಸಿ 'ಇದಕ್ಕೆ ದರ ಸರಿಯಾ ನೋಡು' ಅಂದರು. 60 ಚೀಲ ಚಾಲಿ ಅಡಿಕೆ, 39 ಕ್ವಿಂಟಾಲ್. ಖರೀದಿ ದರ 41,000. ನಾನು ಖರೀದಿ ಪಟ್ಟಿ ತೆಗೆದು ನೋಡಿದೆ, 41,000 ಸರಿ ಇದೆ. ಟಿಕ್ ಹಾಕಿದೆ. 'ಅರ್ಧ ಆಯ್ತು' ಅಂದರು.

ಡೆಬಿಟ್ ಕ್ರೆಡಿಟ್

ಇದು ನನಗೆ ಚೆನ್ನಾಗಿ ಗೊತ್ತು. ಲೆಕ್ಕಪತ್ರ ಮಾನದಂಡ ಎಎಸ್ 2. ಖರೀದಿ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಮ್ಮಿಯೋ ಅದು. ಮಾರ್ಚ್ 31ರ ಎಪಿಎಂಸಿ ದರ ನೋಡಿ, 41,000ಕ್ಕಿಂತ ಕಮ್ಮಿ ಇದ್ದರೆ ಅದನ್ನು ಹಾಕಿ.

ತುಂಗಾತೀರ

ಹತ್ತಿರ ಬಂದಿರಿ, ಆದರೆ ಮಾರುಕಟ್ಟೆ ಬೆಲೆ ಅಲ್ಲ. ಮಾರಿದರೆ ಕೈಗೆ ನಿವ್ವಳ ಎಷ್ಟು ಉಳಿಯುತ್ತದೆ ಅನ್ನುವ ಬೆಲೆ. ದರದಲ್ಲಿ ಮಾರಾಟದ ಖರ್ಚು ಕಳೆಯಬೇಕು. ಹೊಸಬರೇ, ಮಾರ್ಚ್ 31ರ ಸುಮಾರಿಗೆ ಆ ದರ್ಜೆಗೆ ಎಷ್ಟು ಇತ್ತು? ಹಮಾಲಿ, ದಲಾಲಿ, ಸಾಗಾಟಕ್ಕೆ ಎಷ್ಟು ಹೋಗುತ್ತದೆ? ಈ ಲಾಟನ್ನು ಯಾರಿಗಾದರೂ ಮೊದಲೇ ದರ ಮಾತಾಡಿ ಬುಕ್ ಮಾಡಿದ್ದಾರಾ?

ಆರ್ಟಿಕಲ್ ಹೊಸಬ

ಆ ವಾರದ ದರ 39,500. ಖರ್ಚು ಕ್ವಿಂಟಾಲಿಗೆ ಸುಮಾರು 700. ಬುಕ್ ಆಗಿಲ್ಲ. ಏಪ್ರಿಲ್ 12ರಂದು ಇದೇ ಲಾಟಿನ 20 ಚೀಲ 39,450ಕ್ಕೆ ಮಾರಿದ ಬಿಲ್ಲು ಇದೆ.

ತುಂಗಾತೀರ

ಹಾಗಾದರೆ ನಿವ್ವಳ 38,800. 39 ಕ್ವಿಂಟಾಲಿಗೆ 15,13,200. ಅವರು ತೋರಿಸಿದ್ದು 15,99,000. 85,800 ಇಳಿಸಬೇಕು. ಬೇರೆ ಲಾಟಿನಲ್ಲಿ ದರ ಏರಿದೆ, ಅದಕ್ಕೂ ಇದಕ್ಕೂ ಸರಿ ಹೋಯಿತು ಅಂತ ಹೇಳಿದರೆ ಒಪ್ಪಬೇಡಿ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಏಪ್ರಿಲ್ 12ರ ಬಿಲ್ಲು ನಿಮ್ಮ ಅತಿ ಒಳ್ಳೆಯ ಸಾಕ್ಷಿ. ಇದೇ ಸರಕು, ಹೊರಗಿನ ಖರೀದಿದಾರ, ನಿಜವಾಗಿ ಕೊಟ್ಟ ದುಡ್ಡು. ಅದರ ದುಡ್ಡು ಬ್ಯಾಂಕಿಗೆ ಬಂತಾ ಅಂತಲೂ ನೋಡಿ. ಖರೀದಿ ಪಟ್ಟಿ ಕೊಟ್ಟದ್ದನ್ನು ಹೇಳುತ್ತದೆ, ಈಗಿನ ಬೆಲೆಯನ್ನು ಹೇಳುವುದಿಲ್ಲ. ಅದಕ್ಕೇ ನಿಮ್ಮ ಪ್ರಿನ್ಸಿಪಾಲ್ ಅರ್ಧ ಅಂದಿದ್ದು.

ತೋಟದ ಮನೆ

ಚಾಲಿ ಅಂದರೆ ಎಲ್ಲ ಚಾಲಿಯೂ ಒಂದೇ ಅಲ್ಲ. ಹಳೆಯದು, ಹೊಸದು ಅಂತ ಇದೆ. ಚೀಲದ ಮೇಲೆ ಒಳ್ಳೆಯದು ಇಟ್ಟು ಕೆಳಗೆ ಕೀಳು ದರ್ಜೆಯ ಕೋಕ ಹಾಕಿದ್ದರೆ? ಬಾಯಿ ಬಿಚ್ಚಿ ಸುರಿದು ನೋಡಿದರೆ ಮಾತ್ರ ಗೊತ್ತಾಗುವುದು.

ಗೋದಾಮು ಗುಮಾಸ್ತ

ಅಣ್ಣ ಹೇಳಿದ್ದು ಸತ್ಯ. ಇನ್ನೊಂದು, ಅಡಿಕೆ ಇಟ್ಟಷ್ಟೂ ಒಣಗಿ ತೂಕ ಇಳಿಯುತ್ತದೆ. ಪುಸ್ತಕದಲ್ಲಿ ಬಂದ ದಿನದ ತೂಕವೇ ಇರುತ್ತದೆ. 60 ಚೀಲ ಇದೆ ಅಂದ ಮಾತ್ರಕ್ಕೆ 39 ಕ್ವಿಂಟಾಲ್ ಇದೆ ಅಂತ ಅಲ್ಲ.

ಬಿಕಾಂ ಕೊನೆ ವರ್ಷ

ಇದು ಯಾವುದಕ್ಕೆ ಸೇರುತ್ತದೆ? ಇಲ್ಲದ ತೂಕವನ್ನು ಇದೆ ಅಂತ ತೋರಿಸಿದರೆ ಎಕ್ಸಿಸ್ಟೆನ್ಸ್. ಚೀಲ ಅಲ್ಲೇ ಇದೆ, ಬೆಲೆ ಮಾತ್ರ ಜಾಸ್ತಿ ಹಿಡಿದಿದ್ದಾರೆ ಅಂದರೆ ವ್ಯಾಲ್ಯುಯೇಷನ್.

ಡೆಬಿಟ್ ಕ್ರೆಡಿಟ್

ವ್ಯಾಲ್ಯುಯೇಷನ್. ಚೀಲ ಎಣಿಸಿ ಆಗಿದೆಯಲ್ಲ.

ತುಂಗಾತೀರ

ನಾನು ಎಕ್ಸಿಸ್ಟೆನ್ಸ್ ಅನ್ನುತ್ತೇನೆ. ವ್ಯಾಪಾರ ಆಗುವುದು ತೂಕದಲ್ಲಿ, ಚೀಲದಲ್ಲಲ್ಲ. ಒಣಗಿ ಹೋದ ತೂಕ ಎಲ್ಲೂ ಇಲ್ಲ. ಆದರೆ ನನ್ನ ಜೊತೆಗಾರರೊಬ್ಬರು ಡೆಬಿಟ್ ಕ್ರೆಡಿಟ್ ಅವರ ಹಾಗೇ ವಾದ ಮಾಡುತ್ತಾರೆ, ನಾವಿಬ್ಬರೂ ಒಪ್ಪಿಕೊಂಡಿಲ್ಲ. ಎರಡರಲ್ಲಿ ಯಾವ ಹೆಸರು ಬರೆದರೂ ಮಾಡಬೇಕಾದ ಕೆಲಸ ಒಂದೇ. ಕೆಲವು ಚೀಲ ಇಳಿಸಿ ತೂಗಬೇಕು. ದರ್ಜೆಯದ್ದು ಮಾತ್ರ ನಿಸ್ಸಂಶಯವಾಗಿ ವ್ಯಾಲ್ಯುಯೇಷನ್. ಅದಕ್ಕೆ ಚೀಲದ ಬಾಯಿ ಬಿಚ್ಚಿಸಬೇಕು, ಪಕ್ಕದಲ್ಲಿ ಅಡಿಕೆ ಗೊತ್ತಿರುವವರು ನಿಂತಿರಬೇಕು. ನಮಗೆ ನಿಮಗೆ ನೋಡಿದರೆ ಗೊತ್ತಾಗುವುದಿಲ್ಲ.

ಆರ್ಟಿಕಲ್ ಹೊಸಬ

ಸೀನಿಯರ್ ಹತ್ತಿರ ಮಾತಾಡಿದೆ. ಆ ಲಾಟಿನಲ್ಲಿ ಇನ್ನೂ 40 ಚೀಲ ಗೋದಾಮಿನಲ್ಲೇ ಇದೆ. ಶುಕ್ರವಾರ ಹೋಗಿ ಹತ್ತು ಚೀಲ ತೂಗಿ, ಬಾಯಿ ಬಿಚ್ಚಿ ನೋಡೋಣ ಅಂದರು. ಮಾರಿ ಹೋದ 20 ಚೀಲದ್ದು ಏಪ್ರಿಲ್ 12ರ ಬಿಲ್ಲಿನಲ್ಲಿ ತೂಕ ಇದೆ, 12.74 ಕ್ವಿಂಟಾಲ್. ಪುಸ್ತಕದ ಪ್ರಕಾರ 13 ಇರಬೇಕಿತ್ತು.

ಮಾರ್ಚ್ ಕೊನೆಯ ಚೀಟಿಗಳನ್ನೂ ಜೋಡಿಸಿದೆ. ಖರೀದಿ ಪಟ್ಟಿ ಇಲ್ಲದ ಚೀಟಿ ಬೇರೆ ಸಿಗಲಿಲ್ಲ. ಆದರೆ ಮಧ್ಯದಲ್ಲಿ ಎರಡು ನಂಬರ್ ಇಲ್ಲ. ಬರೆಯುವಾಗ ತಪ್ಪಾಗಿ ಹರಿದು ಹಾಕಿದ್ದು ಅಂತ ಮಂಡಿಯವರು ಹೇಳ್ತಿದ್ದಾರೆ.

ಗೋದಾಮು ಗುಮಾಸ್ತ

ಹಮಾಲರ ಮೇಸ್ತ್ರಿ ಹತ್ತಿರ ಬೇರೆ ಒಂದು ಪುಸ್ತಕ ಇರುತ್ತದೆ ತಮ್ಮ. ದಿನಕ್ಕೆ ಎಷ್ಟು ಚೀಲ ಇಳಿಸಿದರು ಅಂತ, ಕೂಲಿ ಲೆಕ್ಕಕ್ಕೆ. ಮಂಡಿಯವರು ಅದನ್ನು ಮುಟ್ಟುವುದಿಲ್ಲ. ಶುಕ್ರವಾರ ಹೋದಾಗ ಅದನ್ನು ಕೇಳು.